ತಾಮ್ರ ತಿಂಗಳಿಗೊಮ್ಮೆ, ಬೋಲ್ಟ್ ವರ್ಷಕ್ಕೊಮ್ಮೆ: ನಮ್ಮ ಸ್ಟೋರ್‌ನ ಎಣಿಕೆ ಬದಲಾಯಿಸಿದ ಲೆಕ್ಕ

ಪೀಣ್ಯದಲ್ಲಿ ನಮ್ಮದು ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುವ ಸಣ್ಣ ಕಾರ್ಖಾನೆ. ಸ್ಟೋರ್ ಮತ್ತು ಖರೀದಿ ಎರಡೂ ನನ್ನ ಕೈಯಲ್ಲಿವೆ. ಒಟ್ಟು 412 ಐಟಂ. ಕರೆಂಟ್ ಹರಿಸುವ ತಾಮ್ರದ ಪಟ್ಟಿ ಅಂದರೆ ಬಸ್‌ಬಾರ್, ಎಂಸಿಸಿಬಿ ಅನ್ನುವ ದೊಡ್ಡ ಬ್ರೇಕರ್, ಕಾಂಟ್ಯಾಕ್ಟರ್, ವೈರ್, ಲಗ್, ಗ್ಲ್ಯಾಂಡ್, ನಟ್ಟು ಬೋಲ್ಟು ಎಲ್ಲಾ ಸೇರಿ.

ಹೋದ ವರ್ಷದವರೆಗೆ ನಾವು ವರ್ಷಕ್ಕೆ ಒಂದೇ ಸಲ ಎಣಿಸುತ್ತಿದ್ದೆವು. ಮಾರ್ಚ್ ಕೊನೆಗೆ ಎರಡು ದಿನ ಕೆಲಸ ನಿಲ್ಲಿಸಿ, ಎಲ್ಲರೂ ಸ್ಟೋರ್‌ಗೆ ಬಂದು, ಬೆಳಗ್ಗೆಯಿಂದ ರಾತ್ರಿವರೆಗೆ ಎಣಿಕೆ. ಆ ಸಲ ಪುಸ್ತಕದ ಲೆಕ್ಕಕ್ಕೂ ಕೈಗೆ ಸಿಕ್ಕ ಮಾಲಿಗೂ ಸುಮಾರು 3 ಲಕ್ಷ ರೂಪಾಯಿ ವ್ಯತ್ಯಾಸ ಬಂತು. ಯಜಮಾನರು ಕೇಳಿದ್ದು ಒಂದೇ ಮಾತು: "ಎಲ್ಲಿ ಹೋಯ್ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್‌ನಲ್ಲಿ ಆದ ತಪ್ಪೋ, ಡಿಸೆಂಬರ್‌ನಲ್ಲಿ ಆದದ್ದೋ ಯಾರಿಗೆ ಗೊತ್ತು? ಪುಸ್ತಕದ ಅಂಕಿ ತಿದ್ದಿ ಮುಂದೆ ಹೋದೆವು. ಅದು ನನಗೆ ಬಹಳ ದಿನ ಕೊರೆಯಿತು.

ಆಮೇಲೆ ಮಾಡಿದ ಕೆಲಸವನ್ನು ವಾರದ ಲೆಕ್ಕದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಐಟಂಗಳನ್ನು ವರ್ಷದ ಬಳಕೆಯ ಬೆಲೆ ನೋಡಿ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದೆ. ಒಂದೊಂದು ವರ್ಗಕ್ಕೆ ಒಂದೊಂದು ಎಣಿಕೆಯ ಅವಧಿ ಇಟ್ಟೆ. ಈ ಪದ್ಧತಿ ಹೊಸದೇನಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಎಂಬುವರು 1951ರಲ್ಲೇ ಇದನ್ನು ಬರೆದು ಪ್ರಚಾರಕ್ಕೆ ತಂದಿದ್ದರು. ಆದರೆ ಸ್ವಂತ ಸ್ಟೋರ್‌ನಲ್ಲಿ ಕೂರಿಸುವಾಗ ಬಂದ ತೊಡಕುಗಳೇ ಬೇರೆ.

ಮೊದಲ ವಾರ: ಪಟ್ಟಿ

ಬೇಕಿದ್ದದ್ದು ಎರಡೇ ಅಂಕಿ. ಒಂದು ಐಟಂ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ, ಒಂದರ ದರ ಎಷ್ಟು. ಎರಡನ್ನೂ ಗುಣಿಸಿದರೆ ವರ್ಷದ ಬಳಕೆಯ ಬೆಲೆ.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಬಳಕೆ ಅಂದರೆ ಸ್ಟೋರ್‌ನಿಂದ ಹೊರಗೆ ಕೊಟ್ಟದ್ದು, ಅದರಲ್ಲಿ ವಾಪಸ್ ಬಂದದ್ದನ್ನು ಕಳೆದು. ಖರೀದಿ ಮಾಡಿದ್ದಲ್ಲ. ಈಗ ರ‍್ಯಾಕಿನಲ್ಲಿ ಇರುವುದೂ ಅಲ್ಲ. ಖರೀದಿಯ ಲೆಕ್ಕ ಹಿಡಿದರೆ, ಮಾರ್ಚ್‌ನಲ್ಲಿ ಡಿಸ್ಕೌಂಟ್ ಸಿಕ್ಕಿತು ಅಂತ ಒಟ್ಟಿಗೆ ತರಿಸಿಟ್ಟ ಮಾಲು ಸುಮ್ನೆ ಮೇಲೆ ಬಂದು ಕೂರುತ್ತದೆ. ನಾನು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಇಶ್ಯೂ ಸ್ಲಿಪ್‌ಗಳ ಮೊತ್ತ ತೆಗೆದೆ. ದರಕ್ಕೆ ಕೊನೆಯ ಮೂರು ಬಿಲ್ಲಿನ ಸರಾಸರಿ ಹಾಕಿದೆ. ತಾಮ್ರದ ರೇಟು ವಾರ ವಾರ ಏರಿಳಿಯುವುದರಿಂದ ಹಳೆಯ ಒಂದೇ ಬಿಲ್ಲನ್ನು ನಂಬುವುದು ಸರಿಯಲ್ಲ.

ಶೀಟ್‌ನಲ್ಲಿ ಮೊದಲ ಎರಡು ಕಾಲಂ ಐಟಂ ಕೋಡ್ ಮತ್ತು ಹೆಸರು. ಮೂರನೆಯದು ವರ್ಷದ ಬಳಕೆ, ನಾಲ್ಕನೆಯದು ದರ. ಐದನೆಯದರಲ್ಲಿ ಎರಡರ ಗುಣಲಬ್ಧ. ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ.

ಜೋಡಿಸಿದ ತಕ್ಷಣ ಪಟ್ಟಿಯ ತುದಿಯಲ್ಲಿ ಬಂದು ನಿಂತದ್ದು 1.5 ಚದರ ಮಿ.ಮೀ. ಕಂಟ್ರೋಲ್ ವೈರ್. ಬೆಲೆ 3 ಕೋಟಿ 49 ಲಕ್ಷ! ನಮ್ಮ ಇಡೀ ಸ್ಟೋರ್‌ನ ವರ್ಷದ ಬಳಕೆ ಅಷ್ಟಿಲ್ಲ. ಹುಡುಕಿದರೆ ಸಂಗತಿ ಸರಳ. ಇಶ್ಯೂ ಸ್ಲಿಪ್ ಮೀಟರ್‌ನಲ್ಲಿ ಬರೆಯುತ್ತೇವೆ, ವರ್ಷಕ್ಕೆ 18,900 ಮೀಟರ್. ಬಿಲ್ಲು ಬರುವುದು 90 ಮೀಟರ್‌ನ ಕಾಯಿಲ್ ಲೆಕ್ಕದಲ್ಲಿ, ಕಾಯಿಲ್‌ಗೆ 1,850 ರೂಪಾಯಿ. ಮೀಟರನ್ನು ಕಾಯಿಲ್ ದರಕ್ಕೆ ಗುಣಿಸಿದ್ದೆ. ಸರಿಯಾದ ಲೆಕ್ಕ 210 ಕಾಯಿಲ್, 3,88,500 ರೂಪಾಯಿ.

ಇದು ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿತ್ತು, ಸಿಕ್ಕಿಬಿತ್ತು. ಹೆದರಿಕೆ ಇದ್ದದ್ದು ಇದರ ಉಲ್ಟಾ ತಪ್ಪಿಗೆ. ಬಾಕ್ಸ್ ಲೆಕ್ಕದಲ್ಲಿ ಕೊಟ್ಟು, ಬಿಡಿಯ ದರ ಹಾಕಿದ್ದರೆ? ಆಗ ಐಟಂ ಪಟ್ಟಿಯ ಅಡಿಗೆ ಜಾರಿ ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕೇ 412 ಐಟಂಗೂ ಇಶ್ಯೂ ಯಾವ ಅಳತೆಯಲ್ಲಿ, ಬಿಲ್ಲು ಯಾವ ಅಳತೆಯಲ್ಲಿ ಅಂತ ಒಂದೊಂದಾಗಿ ನೋಡಿದೆ. 17 ಐಟಂಗಳಲ್ಲಿ ಎರಡೂ ಬೇರೆ ಬೇರೆ ಇತ್ತು. ಎರಡು ದಿನ ಹಿಡಿಯಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದ ಎರಡು ದಿನ ಅವೇ.

ಎರಡನೇ ವಾರ: ಗೆರೆ ಎಳೆಯುವುದು

ಅಳತೆ ಸರಿ ಮಾಡಿದ ಮೇಲೆ ಒಟ್ಟು ಬಳಕೆ 2 ಕೋಟಿ 36 ಲಕ್ಷ ಬಂತು. ಈಗ ಮೇಲಿನಿಂದ ಕೂಡಿಸುತ್ತಾ ಬಂದು, ಎಲ್ಲಿಗೆ ಎಷ್ಟು ಶೇಕಡಾ ಆಯಿತು ಅಂತ ನೋಡಬೇಕು. ಸೂತ್ರ ಇಷ್ಟೇ:

```
E2: =C2*D2
F2: =SUM(E$2:E2)/SUM(E$2:E$413)
G2: =IF(F2<=0.75,"A",IF(F2<=0.95,"B","C"))
```

75 ಮತ್ತು 95 ಅಂತ ನಾನು ಇಟ್ಟುಕೊಂಡ ಗೆರೆ. ಕೆಲವರು 80 ಮತ್ತು 95 ಇಡುತ್ತಾರೆ. ಇದು ಶಾಸನವಲ್ಲ. ನಾನು ಅಂಕಿ ಪಟ್ಟಿಯನ್ನು ಕಣ್ಣಲ್ಲೇ ನೋಡಿದೆ. 41ನೇ ಐಟಂವರೆಗೆ ಬೆಲೆ ನಿಧಾನಕ್ಕೆ ಇಳಿಯುತ್ತಾ ಬಂದು, ಅಲ್ಲಿಂದ ಮುಂದೆ ಒಂದು ಮೆಟ್ಟಿಲು ಕೆಳಗೆ ಬೀಳುತ್ತಿತ್ತು. ಆ ಮೆಟ್ಟಿಲು ಇದ್ದದ್ದು ಶೇಕಡಾ 75ರ ಹತ್ತಿರ. ಹಾಗಾಗಿ ಅಲ್ಲೇ ಕತ್ತರಿಸಿದೆ.

ಎ ವರ್ಗಕ್ಕೆ 41 ಐಟಂ ಬಂದವು. ಅಂದರೆ ಹತ್ತರಲ್ಲಿ ಒಂದು ಭಾಗ ಐಟಂ, ಮುಕ್ಕಾಲು ಪಾಲು ದುಡ್ಡು. ಬಿ ವರ್ಗಕ್ಕೆ 86, ಸಿ ವರ್ಗಕ್ಕೆ 285. ಆ 285 ಐಟಂಗಳ ವರ್ಷದ ಬಳಕೆ ಎಲ್ಲಾ ಸೇರಿ 12 ಲಕ್ಷದ ಒಳಗೆ. ಎರಡು ದಿನ ಕಾರ್ಖಾನೆ ಮುಚ್ಚಿ ಎಣಿಸುತ್ತಿದ್ದಾಗ ನಮ್ಮ ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಇವುಗಳ ಮೇಲೆಯೇ. ವಾಷರ್ ಡಬ್ಬಿ ಸುರಿದುಕೊಂಡು ನೆಲದ ಮೇಲೆ ಕೂತು ಎಣಿಸಿದ್ದು ನೆನಪಿದೆ. ತಾಮ್ರದ ಬಾರ್ ಎಣಿಸುವ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತಿತ್ತು.

ತುದಿಯಲ್ಲಿ ಯಾವುದು ಇದೆ ಅಂತ ನಮಗೆ ಅಂದಾಜಿತ್ತು. 50×10 ತಾಮ್ರದ ಬಸ್‌ಬಾರ್, ವರ್ಷಕ್ಕೆ 1,900 ಕೆಜಿ, ಕೆಜಿಗೆ 880ರಂತೆ 16,72,000 ರೂಪಾಯಿ. 400 ಆಂಪ್ ಎಂಸಿಸಿಬಿ 38 ನಗ, 5,51,000. ಆದರೆ ಕಂಟ್ರೋಲ್ ವೈರ್ ಎ ವರ್ಗಕ್ಕೆ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಮೀಟರ್‌ಗೆ ಇಪ್ಪತ್ತು ರೂಪಾಯಿ ಚಿಲ್ಲರೆಯ ಮಾಲು ಅಲ್ವಾ, ಬೀಗ ಇಲ್ಲದ ರ‍್ಯಾಕಿನಲ್ಲಿ ಇಟ್ಟಿದ್ದೆವು. ಆ ಮಧ್ಯಾಹ್ನವೇ ಜಾಲರಿ ಕೋಣೆಗೆ ಸಾಗಿಸಿದೆವು.

ಈ ಸೂತ್ರದಲ್ಲಿ ಒಂದು ಗುಂಡಿ ಇದೆ, ಹೇಳಿಬಿಡುತ್ತೇನೆ. ಮೊತ್ತ ಕೂಡುವುದು ಸಾಲಿನ ಕ್ರಮದ ಮೇಲೆ ನಿಂತಿದೆ. ಆಮೇಲೆ ನೀವು ಅದೇ ಶೀಟನ್ನು ತಾರೀಕಿನ ಪ್ರಕಾರ ಜೋಡಿಸಿದರೆ, ಮೊತ್ತ ಹೊಸ ಕ್ರಮದಲ್ಲಿ ಮತ್ತೆ ಲೆಕ್ಕವಾಗಿ ಎಲ್ಲರ ವರ್ಗವೂ ಬದಲಾಗುತ್ತದೆ. ನನಗೆ ಒಂದು ಸೋಮವಾರ ವಾಷರ್ ಎ ವರ್ಗದಲ್ಲಿ, ಬಸ್‌ಬಾರ್ ಸಿ ವರ್ಗದಲ್ಲಿ ಕಂಡಿತು. ವರ್ಗ ಬಂದ ಮೇಲೆ ಅದನ್ನು ಕಾಪಿ ಮಾಡಿ, ಪಕ್ಕದ ಎಚ್ ಕಾಲಂನಲ್ಲಿ ಬರೀ ಅಕ್ಷರವಾಗಿ ಅಂಟಿಸಿ. ಮುಂದಿನ ಕೆಲಸಕ್ಕೆಲ್ಲಾ ಆ ಕಾಲಂ ಮಾತ್ರ ಬಳಸಿ.

ಸೂತ್ರಕ್ಕೆ ಕಾಣದ ಐಟಂ

ಪಟ್ಟಿಯ ತೀರಾ ಅಡಿಯಲ್ಲಿ, ಬಳಕೆ ಸೊನ್ನೆ ಇರುವ ಐಟಂಗಳ ಮಧ್ಯೆ, ಎರಡು ದೊಡ್ಡ ಮೋಟಾರ್ ಡ್ರೈವ್ ಇದ್ದವು. ಒಂದಕ್ಕೆ 1,20,000 ರೂಪಾಯಿ. ಯಾವುದೋ ಆರ್ಡರ್ ರದ್ದಾದಾಗ ಉಳಿದುಕೊಂಡವು. ವರ್ಷದಲ್ಲಿ ಒಂದೂ ಖರ್ಚಾಗಿಲ್ಲ, ಹಾಗಾಗಿ ಬಳಕೆಯ ಬೆಲೆ ಸೊನ್ನೆ, ಹಾಗಾಗಿ ಸಿ ವರ್ಗ. ಸೂತ್ರದ ಮಾತು ಕೇಳಿದರೆ 2 ಲಕ್ಷ 40 ಸಾವಿರದ ಮಾಲನ್ನು ವರ್ಷಕ್ಕೊಮ್ಮೆ ನೋಡಬೇಕು.

ಬಳಕೆಯ ಬೆಲೆಯಿಂದ ವರ್ಗ ಮಾಡುವ ಪದ್ಧತಿಗೆ ಇರುವ ಮಿತಿ ಇದೇ. ಅದು ಓಡುವ ಮಾಲನ್ನು ಚೆನ್ನಾಗಿ ನೋಡುತ್ತದೆ, ನಿಂತ ಮಾಲನ್ನು ನೋಡುವುದಿಲ್ಲ. ಜಾಸ್ತಿ ಓಡುವಲ್ಲೇ ಸ್ಲಿಪ್ ತಪ್ಪು, ಅಳತೆ ತಪ್ಪು ಜಾಸ್ತಿ ಆಗುವುದು ನಿಜ. ಆದರೆ ಬೆಲೆಬಾಳುವ ಮಾಲು ನಿಂತಿದ್ದರೆ ಕಳುವಿನ ಭಯ ಇದ್ದೇ ಇದೆ. ಅದಕ್ಕೆ ನಾನು ಒಂದು ನಿಯಮ ಸೇರಿಸಿದೆ. ಒಂದರ ದರ 25,000 ದಾಟಿದರೆ, ಅಥವಾ ರ‍್ಯಾಕಿನಲ್ಲಿ ಇರುವ ಮಾಲಿನ ಬೆಲೆ 1 ಲಕ್ಷ ದಾಟಿದರೆ, ಸೂತ್ರ ಏನೇ ಹೇಳಲಿ ಕನಿಷ್ಠ ಬಿ ವರ್ಗದ ಹಾಗೆ ಎಣಿಸಬೇಕು. ಹೀಗೆ ಸಿ ವರ್ಗದಿಂದ 9 ಐಟಂ ಮೇಲೆ ಬಂದವು. ಹೊಸದಾಗಿ ಬಂದ, ವರ್ಷದ ಬಳಕೆಯೇ ಇಲ್ಲದ ಐಟಂಗಳಿಗೂ ಶುರುವಿನಲ್ಲಿ ಬಿ ವರ್ಗವನ್ನೇ ಕೊಡುತ್ತೇನೆ.

ಮೂರನೇ ವಾರ: ದಿನಕ್ಕೆ ಎಷ್ಟು?

ಎ ತಿಂಗಳಿಗೊಮ್ಮೆ, ಬಿ ಮೂರು ತಿಂಗಳಿಗೊಮ್ಮೆ, ಸಿ ವರ್ಷಕ್ಕೊಮ್ಮೆ ಅಂತ ಬರೆದುಕೊಂಡೆ. ಇದು ಆಗುವ ಮಾತೇ ಅಂತ ಮೊದಲು ಲೆಕ್ಕ ಹಾಕಬೇಕಿತ್ತು. ಎ ವರ್ಗದ 41 ಐಟಂ ವರ್ಷಕ್ಕೆ 12 ಸಲ, 492 ಎಣಿಕೆ. ಬಿ ಮತ್ತು ಮೇಲೆ ಬಂದ 9 ಸೇರಿ 95 ಐಟಂ, ನಾಲ್ಕು ಸಲ, 380. ಉಳಿದ ಸಿ 276. ಒಟ್ಟು 1,148. ನಮಗೆ ವರ್ಷಕ್ಕೆ ಸುಮಾರು 290 ಕೆಲಸದ ದಿನ. ದಿನಕ್ಕೆ ನಾಲ್ಕು ಎಣಿಕೆ.

ನಾಲ್ಕು ಐಟಂ ಅಂದರೆ ಬೆಳಗ್ಗೆ ಮುಕ್ಕಾಲು ಗಂಟೆ. ಇದನ್ನು ಕೇಳಿದ ಮೇಲೆ ಯಜಮಾನರು ಒಪ್ಪಿದರು. ಎ ವರ್ಗವನ್ನು ವಾರಕ್ಕೊಮ್ಮೆ ಮಾಡೋಣ ಅಂತ ಅವರಿಗೇ ಆಸೆ ಇತ್ತು. ಹಾಗೆ ಮಾಡಿದರೆ ಎ ಒಂದಕ್ಕೇ 2,132 ಎಣಿಕೆ, ದಿನಕ್ಕೆ ಏಳಕ್ಕಿಂತ ಜಾಸ್ತಿ. ಎರಡು ವಾರ ನಡೆದು ಮೂರನೇ ವಾರ ನಿಂತುಹೋಗುತ್ತಿತ್ತು. ತಿಂಗಳು ಸಾಕು ಅನ್ನುವುದಕ್ಕೆ ನನಗೆ ಇನ್ನೊಂದು ಕಾರಣವೂ ಇತ್ತು, ಅದು ಮುಂದೆ ಬಸ್‌ಬಾರ್ ವಿಷಯದಲ್ಲಿ ಬರುತ್ತದೆ.

ಮುಂದಿನ ಎಣಿಕೆಯ ತಾರೀಕಿಗೆ ಸೂತ್ರ ಹಾಕಿದೆ. ಎಚ್ ಕಾಲಂನಲ್ಲಿ ವರ್ಗ, ಐ ಕಾಲಂನಲ್ಲಿ ಕೊನೆಯ ಸಲ ಎಣಿಸಿದ ತಾರೀಕು:

```
J2: =I2+IF(H2="A",30,IF(H2="B",90,365))
```

ಜೆ ಕಾಲಂನ ಪ್ರಕಾರ ಜೋಡಿಸಿ, ಮೇಲಿನ ನಾಲ್ಕು ಸಾಲು ಅವತ್ತಿನ ಕೆಲಸ. ಆದರೆ ಶುರುವಿನಲ್ಲಿ ಎಲ್ಲಾ ಐಟಂಗೂ ಮಾರ್ಚ್ 31 ಅಂತ ಒಂದೇ ತಾರೀಕು ಹಾಕಿದ್ದೆ. ಹಾಗೆ ಬಿಟ್ಟರೆ ತಿಂಗಳಾದ ದಿನ 41 ಐಟಂ ಒಟ್ಟಿಗೆ ಬಂದು ನಿಲ್ಲುತ್ತವೆ. ಮೊದಲ ಸುತ್ತಿಗೆ ಮಾತ್ರ ಕೊನೆಯ ತಾರೀಕನ್ನು ಕೈಯಿಂದ ಹರಡಿದೆ. ಎ ವರ್ಗದವಕ್ಕೆ ಒಂದು ತಿಂಗಳ ಒಳಗೆ, ದಿನಕ್ಕೆ ಎರಡರಂತೆ. ಬಿ ವರ್ಗದವಕ್ಕೆ ಮೂರು ತಿಂಗಳ ಮೇಲೆ, ಸಿ ವರ್ಗದವಕ್ಕೆ ಇಡೀ ವರ್ಷದ ಮೇಲೆ. ಹರಡಿದ ಮೇಲೆ ದಿನವೂ ಎ ಎರಡು, ಬಿ ಒಂದು, ಸಿ ಒಂದು ಹೀಗೆ ಬರತೊಡಗಿತು.

ನಾಲ್ಕನೇ ವಾರ: ಹತ್ತೇ ಐಟಂ, ದಿನವೂ

ಪೂರ್ತಿ ಶುರು ಮಾಡುವ ಮೊದಲು ಹತ್ತು ಐಟಂ ಆರಿಸಿಕೊಂಡು ಒಂದು ವಾರ ದಿನವೂ ಅವನ್ನೇ ಎಣಿಸಿದೆವು. ದಿನವೂ ಎಣಿಸಿದಾಗ ವ್ಯತ್ಯಾಸ ಬಂದರೆ ಅದು ನಿನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆಯೊಳಗೆ ಆದದ್ದು. ಕಾರಣ ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಮೊದಲ ಎರಡು ದಿನ ಹತ್ತರಲ್ಲಿ ಐದು ತಪ್ಪು ಬಂದವು. ಮಾಲು ಎಲ್ಲೂ ಹೋಗಿರಲಿಲ್ಲ, ಎಣಿಕೆಯಲ್ಲೇ ಎಡವಟ್ಟಾಗಿತ್ತು. ಸಂಜೆ ಐದರ ಮೇಲೆ ಕೊಟ್ಟ ಮಾಲಿನ ಸ್ಲಿಪ್ ಮರುದಿನ ಹನ್ನೊಂದಕ್ಕೆ ಕಂಪ್ಯೂಟರ್‌ಗೆ ಹೋಗುತ್ತಿತ್ತು. ನಾವು ಎಂಟೂವರೆಗೆ ಎಣಿಸಿ ಪುಸ್ತಕದ ಜೊತೆ ಹೋಲಿಸುತ್ತಿದ್ದೆವು. ರ‍್ಯಾಕಿನಲ್ಲಿ ಮಾಲು ಕಡಿಮೆ, ಪುಸ್ತಕದಲ್ಲಿ ಹಾಗೇ ಇದೆ. ಇಂಥದ್ದನ್ನು ನಂಬಿ ಪುಸ್ತಕ ತಿದ್ದಿಬಿಟ್ಟರೆ, ಹನ್ನೊಂದಕ್ಕೆ ಸ್ಲಿಪ್ ಹತ್ತಿದಾಗ ಮತ್ತೊಂದು ಸಲ ಕಳೆದು, ನಿಜವಾದ ತಪ್ಪು ನಾವೇ ಹುಟ್ಟಿಸಿದಂತೆ ಆಗುತ್ತದೆ. ಅವತ್ತಿನಿಂದ ಸ್ಲಿಪ್ ಎಲ್ಲಾ ಅದೇ ಸಂಜೆ ಹತ್ತಬೇಕು, ಬೆಳಗ್ಗೆ ಎಣಿಕೆ ಮುಗಿಯುವವರೆಗೆ ಆ ನಾಲ್ಕು ಐಟಂ ಮಾತ್ರ ಯಾರಿಗೂ ಕೊಡುವಂತಿಲ್ಲ ಅಂತ ಮಾಡಿದೆವು. ಉಳಿದ 408 ಐಟಂ ಎಂದಿನಂತೆ ಓಡುತ್ತವೆ, ಕೆಲಸ ನಿಲ್ಲುವುದಿಲ್ಲ.

ಎರಡನೇ ಬದಲಾವಣೆ ಎಣಿಕೆಯ ಹಾಳೆಯಲ್ಲಿ. ಮೊದಲು ಹಾಳೆಯ ಮೇಲೆ ಪುಸ್ತಕದ ಅಂಕಿಯನ್ನೂ ಅಚ್ಚು ಹಾಕಿ ಕೊಡುತ್ತಿದ್ದೆ. ಸ್ಟೋರ್ ನೋಡಿಕೊಳ್ಳುವ ಅಣ್ಣ ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಾಳೆಯಲ್ಲಿ 64 ಅಂತ ಕಂಡರೆ, 62ಕ್ಕೆ ಬಂದಾಗ ಎಲ್ಲೋ ಎರಡು ಬಿಟ್ಟಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಈಗ ಹಾಳೆಯಲ್ಲಿ ಐಟಂ, ಇಟ್ಟಿರುವ ಜಾಗ, ಅಳತೆ ಇಷ್ಟೇ ಇರುತ್ತದೆ. ಅಂಕಿಯ ಚೌಕ ಖಾಲಿ. ಅವರ ಜೊತೆ ಅಸೆಂಬ್ಲಿಯಿಂದ ಒಬ್ಬರು ಬಂದು ಎಣಿಸುತ್ತಾರೆ. ವ್ಯತ್ಯಾಸ ಬಂದರೆ ಎರಡನೇ ಸಲ ನಾನು ಎಣಿಸುತ್ತೇನೆ, ಆಮೇಲೆಯೇ ಪುಸ್ತಕ ಮುಟ್ಟುವುದು.

ಎಷ್ಟು ವ್ಯತ್ಯಾಸವನ್ನು ವ್ಯತ್ಯಾಸ ಅನ್ನಬೇಕು ಅಂತಲೂ ವರ್ಗದ ಮೇಲೆಯೇ ಇಟ್ಟೆವು. ಎ ವರ್ಗದಲ್ಲಿ ಎಣಿಸುವ ಮಾಲಾದರೆ ಒಂದೂ ತಪ್ಪಬಾರದು, ತೂಗುವ ಮಾಲಾದರೆ ನೂರಕ್ಕೆ ಅರ್ಧ. ಬಿ ವರ್ಗಕ್ಕೆ ನೂರಕ್ಕೆ ಒಂದು, ಸಿ ವರ್ಗಕ್ಕೆ ಐದು. ಸಿ ವರ್ಗದ ಬೋಲ್ಟುಗಳನ್ನು ಒಂದೊಂದಾಗಿ ಎಣಿಸುವುದನ್ನೂ ಬಿಟ್ಟೆವು. ನೂರು ಬೋಲ್ಟ್ ಎಣಿಸಿ ತೂಗಿ, ಆ ತೂಕದಿಂದ ಡಬ್ಬಿಯಲ್ಲಿರುವ ಬೋಲ್ಟುಗಳ ತೂಕ ಭಾಗಿಸಿ, ನೂರರಿಂದ ಗುಣಿಸಿದರೆ ಮುಗಿಯಿತು.

ಎರಡನೇ ತಿಂಗಳು: 26.9 ಕೆಜಿ ತಾಮ್ರ

ಎರಡನೇ ಸುತ್ತಿನಲ್ಲಿ 50×10 ಬಸ್‌ಬಾರ್‌ನ ಸರದಿ ಬಂತು. ಪುಸ್ತಕದಲ್ಲಿ 436.8 ಕೆಜಿ. ತೂಕಕ್ಕೆ ಬಂದದ್ದು 409.9. ಕಡಿಮೆ 26.9 ಕೆಜಿ, 880ರಂತೆ 23,672 ರೂಪಾಯಿ. ಮತ್ತೆ ತೂಗಿದೆ, ಅದೇ.

ತಾಮ್ರದ ಸಾಂದ್ರತೆ ಸಿಸಿಗೆ 8.96 ಗ್ರಾಂ. 50×10 ಅಂದರೆ 500 ಚದರ ಮಿ.ಮೀ., ಒಂದು ಮೀಟರ್‌ಗೆ 4.48 ಕೆಜಿ. ಹಾಗಾಗಿ ಕಳೆದುಹೋದದ್ದು ಸರಿಯಾಗಿ 6 ಮೀಟರ್. ನಮಗೆ ಬಾರ್ ಬರುವುದು 4 ಮೀಟರ್ ಉದ್ದದಲ್ಲಿ. ಒಂದೂವರೆ ಬಾರ್! ಇಡೀ ಬಾರ್ ಯಾರಾದರೂ ಹೊತ್ತೊಯ್ದಿದ್ದರೆ 4 ಅಥವಾ 8 ಮೀಟರ್ ಆಗಬೇಕಿತ್ತು. ಒಂದೂವರೆ ಬಂದಾಗಲೇ ಇದು ಕಳುವಲ್ಲ, ಕತ್ತರಿಸುವಲ್ಲಿ ಏನೋ ಇದೆ ಅಂತ ಅನಿಸಿತು.

ಹಿಂದಿನ ಎಣಿಕೆ ಸರಿ ಇತ್ತು, ಅದಕ್ಕೆ ನನ್ನ ಸಹಿ ಇದೆ. ಹಾಗಾಗಿ ನೋಡಬೇಕಿದ್ದದ್ದು 31 ದಿನದ 22 ಸ್ಲಿಪ್ ಮಾತ್ರ. ಟೇಬಲ್ ಮೇಲೆ ಹರಡಿದೆ. ಮೂರು ಕೆಲಸದ ಸ್ಲಿಪ್‌ಗಳಲ್ಲಿ ಉದ್ದ 3.1 ಮೀಟರ್, 2.65 ಮೀಟರ್, ಹೀಗೆ ಡ್ರಾಯಿಂಗ್‌ನಲ್ಲಿ ಇರುವ ಹಾಗೇ ಇತ್ತು. ಉಳಿದ ಸ್ಲಿಪ್‌ಗಳಲ್ಲಿ 4 ಮೀಟರ್, 8 ಮೀಟರ್ ಅಂತ ಪೂರ್ತಿ ಬಾರ್. ಅಲ್ಲೇ ಗೊತ್ತಾಯಿತು. ಹೊಸದಾಗಿ ಸೇರಿದ ಹುಡುಗರು ಡ್ರಾಯಿಂಗ್ ಉದ್ದ ಬರೆದು ಪೂರ್ತಿ ಬಾರ್ ತೆಗೆದುಕೊಂಡು ಹೋಗಿದ್ದಾರೆ. ಕತ್ತರಿಸಿ ಉಳಿದ ತುಂಡು ಸ್ಟೋರ್‌ಗೆ ವಾಪಸ್ ಬಂದಿಲ್ಲ. ಪುಸ್ತಕ ಮಾತ್ರ ಅದು ಇನ್ನೂ ರ‍್ಯಾಕಿನಲ್ಲೇ ಇದೆ ಅಂತ ನಂಬಿದೆ.

ತುಂಡು ಎಲ್ಲಿದೆ ಅಂತ ಶಾಪ್‌ಗೆ ಹೋದೆ. ಬಸ್‌ಬಾರ್ ಕತ್ತರಿಸುವ ಮಷೀನ್ ಪಕ್ಕ ಸ್ಕ್ರ್ಯಾಪ್ ಡ್ರಮ್ಮು. 300 ಮಿ.ಮೀ.ಗಿಂತ ಚಿಕ್ಕ ತುಂಡು ಅದಕ್ಕೆ ಹಾಕುವುದು ನಮ್ಮಲ್ಲಿ ವಾಡಿಕೆ. ಡ್ರಮ್ಮು ಬಗ್ಗಿಸಿ 50×10ರ ತುಂಡುಗಳನ್ನು ಮಾತ್ರ ಆರಿಸಿ ತೂಗಿದೆವು. ತುದಿಗಳು ಇನ್ನೂ ಹೊಳೆಯುತ್ತಿದ್ದವು, ಹಳೆಯ ತುಂಡಾಗಿದ್ದರೆ ಕಪ್ಪಾಗಿರುತ್ತಿತ್ತು. ಕೆಲವಕ್ಕೆ ಮಾರ್ಕರ್‌ನಲ್ಲಿ ಬರೆದ ಜಾಬ್ ನಂಬರ್ ಕೂಡ ಅಳಿಸಿರಲಿಲ್ಲ. 19.4 ಕೆಜಿ ಬಂತು.

ಇನ್ನೂ ಏಳೂವರೆ ಕೆಜಿ ಬಾಕಿ. ಹಳೆಯ ಫಿಟ್ಟರ್ ಒಬ್ಬರು ದೂರದಿಂದಲೇ ನೋಡುತ್ತಿದ್ದವರು ಹತ್ತಿರ ಬಂದರು. "ಮೇಡಂ, ಬೆಂಡಿಂಗ್ ಮಷೀನ್ ಹಿಂದೆ ಒಂದು ಉದ್ದನೆ ಪೀಸ್ ಇಟ್ಟಿದೀನಿ. ಮುಂದಿನ ಜಾಬ್‌ಗೆ ಆಗುತ್ತೆ ಅಂತ," ಅಂದರು. ಗೋಡೆಗೆ ಒರಗಿಸಿ, ಧೂಳು ಕೂರದಂತೆ ಹಳೆಯ ಗೋಣಿ ಸುತ್ತಿ ಇಟ್ಟಿದ್ದರು. ಟೇಪ್ ಹಿಡಿದರೆ 1 ಮೀಟರ್ 67 ಸೆಂಟಿಮೀಟರ್. ತೂಕ 7.5 ಕೆಜಿ. ಲೆಕ್ಕ ಕೂಡಿತು.

ಆ ಹೊತ್ತು ನನಗಾದ ಸಮಾಧಾನ ಹೇಳಲಾರೆ. ಹಿಂದಿನ ಮಾರ್ಚ್‌ನ 3 ಲಕ್ಷದಲ್ಲಿ ಎಷ್ಟೋ ಪಾಲು ಇದೇ ದಾರಿಯಲ್ಲಿ ಹೋಗಿದ್ದಿರಬೇಕು. ನಮ್ಮ ಸ್ಕ್ರ್ಯಾಪ್ ಡ್ರಮ್ಮು ಖಾಲಿಯಾಗುವುದು ಸುಮಾರು ಒಂದೂವರೆ ತಿಂಗಳಿಗೊಮ್ಮೆ. ಎ ವರ್ಗಕ್ಕೆ ತಿಂಗಳು ಅಂತ ಇಟ್ಟಿದ್ದಕ್ಕೆ ನನ್ನ ಇನ್ನೊಂದು ಕಾರಣ ಅದೇ. ಡ್ರಮ್ಮು ಖಾಲಿಯಾಗುವ ಮೊದಲೇ ಎಣಿಕೆ ಬರಬೇಕು. ಮೂರು ತಿಂಗಳಿಗೊಮ್ಮೆ ಎಣಿಸಿದ್ದರೆ ತುಂಡುಗಳು ಆಗಲೇ ಮಾರಾಟವಾಗಿ, 26.9 ಕೆಜಿ ಬರೀ ಕಾಣೆಯಾದ ಅಂಕಿಯಾಗಿ ಉಳಿಯುತ್ತಿತ್ತು. ನಿಮ್ಮ ಅಂಗಡಿಯಲ್ಲಿ ಅವಧಿ ಇಡುವಾಗಲೂ ಇದನ್ನು ನೋಡಿ. ತಪ್ಪಿನ ಗುರುತು ಎಷ್ಟು ದಿನ ಉಳಿಯುತ್ತದೋ, ಅದರೊಳಗೆ ಎಣಿಕೆ ಮುಗಿಯಬೇಕು.

ಇದರಲ್ಲಿ ತೆರಿಗೆಯ ಮಾತೂ ಇದೆ. ಮಾಲು ಕಳೆದುಹೋಯಿತು ಅಂತ ಪುಸ್ತಕದಿಂದ ತೆಗೆದುಹಾಕಿದರೆ, ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಆ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕು. 23,672ಕ್ಕೆ ಶೇಕಡಾ 18ರಂತೆ 4,261 ರೂಪಾಯಿ. ಈಗ 19.4 ಕೆಜಿ ಸ್ಕ್ರ್ಯಾಪ್ ಅಂತ ದಾಖಲಾಗಿ, ಬಿಲ್ಲು ಹಾಕಿ ಮಾರಾಟವಾಯಿತು. 7.5 ಕೆಜಿ ರ‍್ಯಾಕಿಗೆ ವಾಪಸ್ ಬಂತು. ನಮ್ಮ ಅಕೌಂಟೆಂಟ್‌ಗೆ ಬೇಕಿದ್ದದ್ದೂ ಈ ಕಾರಣದ ದಾಖಲೆಯೇ.

ಪುಸ್ತಕ ತಿದ್ದಿದ್ದಕ್ಕಿಂತ ಮುಖ್ಯವಾದ ಕೆಲಸ ಸ್ಲಿಪ್‌ನಲ್ಲಿ ಆಯಿತು. ಈಗ ತಾಮ್ರದ ಸ್ಲಿಪ್‌ನಲ್ಲಿ ಮೂರು ಚೌಕ: ಕೊಟ್ಟ ಉದ್ದ, ವಾಪಸ್ ಬಂದ ಉದ್ದ, ಡ್ರಮ್ಮಿಗೆ ಹೋದ ತೂಕ. ಮೂರೂ ತುಂಬದೆ ಮುಂದಿನ ಬಾರ್ ಕೊಡುವುದಿಲ್ಲ. ಬೆಂಡಿಂಗ್ ಮಷೀನ್ ಹಿಂದಿನ ಜಾಗಕ್ಕೂ ಒಂದು ಜಾಗದ ನಂಬರ್ ಕೊಟ್ಟೆವು. ಅವರು ಹೇಗೂ ಅಲ್ಲಿ ಇಡುತ್ತಾರೆ, ಮುಂದಿನ ಜಾಬ್‌ಗೆ ಅದು ಬೇಕೂ ಬೇಕು. ಎಣಿಕೆಯ ಹಾಳೆಯಲ್ಲಿ ಆ ಜಾಗವೂ ಇದ್ದರೆ ಸಾಕಲ್ಲವೇ.

ಆರು ತಿಂಗಳ ಮೇಲೆ

ಮೊದಲ ತಿಂಗಳು ಎ ವರ್ಗದ 41ರಲ್ಲಿ 25 ಐಟಂ ಸರಿ ಬಂದಿದ್ದವು. ಆರನೇ ತಿಂಗಳು 38. ಬಿ ವರ್ಗ ನಿಧಾನಕ್ಕೆ ಸರಿಹೋಗುತ್ತಿದೆ. ಸಿ ವರ್ಗದ ಬಗ್ಗೆ ಇನ್ನೂ ಏನೂ ಹೇಳುವ ಹಾಗಿಲ್ಲ, ಅರ್ಧ ಮಾತ್ರ ಮುಗಿದಿದೆ.

ಆರು ತಿಂಗಳಿಗೆ ವರ್ಗವನ್ನು ಮತ್ತೆ ಲೆಕ್ಕ ಹಾಕಿದೆ. 23 ಐಟಂ ಜಾಗ ಬದಲಿಸಿದವು. ಅದರಲ್ಲಿ ಹೆಚ್ಚಿನವು ಗೆರೆಯ ಅಕ್ಕಪಕ್ಕದಲ್ಲೇ ಇದ್ದವು, ಒಂದು ಜಾಬ್ ಜಾಸ್ತಿ ಬಂದರೆ ಮೇಲೆ, ಕಡಿಮೆಯಾದರೆ ಕೆಳಗೆ. ಇಂಥವನ್ನು ಪ್ರತಿ ಸಲ ಬದಲಿಸಿದರೆ ಹಾಳೆ ಮಾಡುವವರಿಗೆ ಸುಮ್ನೆ ಗೊಂದಲ. ಹಾಗಾಗಿ ಮೇಲೆ ಹೋಗುವುದಾದರೆ ತಕ್ಷಣ, ಕೆಳಗೆ ಬರುವುದಾದರೆ ಎರಡು ಸಲ ಹಾಗೇ ಬಂದ ಮೇಲೆ ಅಂತ ಇಟ್ಟಿದ್ದೇನೆ. ಇನ್ನು, ಯಾವ ವರ್ಗವೇ ಆಗಲಿ, ಮಾಲು ಖಾಲಿ ಅಂತ ಪುಸ್ತಕ ಹೇಳಿದ ದಿನ ರ‍್ಯಾಕ್ ನೋಡಿ ಬರುತ್ತೇವೆ. ಖಾಲಿ ಡಬ್ಬಿ ಎಣಿಸಲು ಅರ್ಧ ನಿಮಿಷ ಸಾಕು. ಪುಸ್ತಕ ಮೈನಸ್ ತೋರಿಸಿದರಂತೂ ಅವತ್ತೇ ನೋಡಬೇಕು.

ಸರಿ ಬಾರದ ಮೂರು ಎ ಐಟಂಗಳಲ್ಲಿ ಮೂರೂ ವೈರ್. ಬಿಚ್ಚಿದ ಕಾಯಿಲ್‌ನಲ್ಲಿ ಎಷ್ಟು ಮೀಟರ್ ಉಳಿದಿದೆ ಅಂತ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದೆವು. ಈ ವಾರ ಅದಕ್ಕೂ ತಕ್ಕಡಿ ತಂದಿದ್ದೇವೆ. ಮುಟ್ಟದ 90 ಮೀಟರ್ ಕಾಯಿಲ್ ತೂಗಿದರೆ 1.8 ಕೆಜಿ, ಮೀಟರ್‌ಗೆ 20 ಗ್ರಾಂ. ನಿನ್ನೆ ಅರ್ಧ ಬಿಚ್ಚಿದ ಕೆಂಪು ಕಾಯಿಲ್ 1.16 ಕೆಜಿ ಬಂತು, 58 ಮೀಟರ್. ಅಂದಾಜಿನಲ್ಲಿ 70 ಅಂತ ಬರೆದಿತ್ತು. ಕಂಪನಿ ಬದಲಾದರೆ ಪ್ಲಾಸ್ಟಿಕ್ ಹೊದಿಕೆಯ ದಪ್ಪ ಬದಲಾಗಿ ಮೀಟರ್‌ನ ತೂಕವೂ ಬದಲಾಗುತ್ತದೆ. ಅದಕ್ಕೆ ಪ್ರತಿ ಲಾಟ್ ಬಂದಾಗ ಒಂದು ಪೂರ್ತಿ ಕಾಯಿಲ್ ತೂಗಿ, ಆ ತೂಕವನ್ನು ರ‍್ಯಾಕಿನ ಚೀಟಿಯ ಮೇಲೆ ಬರೆಯುತ್ತಿದ್ದೇವೆ. ಮುಂದಿನ ತಿಂಗಳ ಎಣಿಕೆಯಲ್ಲಿ ಕೆಂಪು, ಕಪ್ಪು, ಬೂದು ಮೂರೂ ಬಣ್ಣದ ಸರದಿ ಇದೆ.